ಪದಚರ್ಚೆ: ಗಾಳಿಯಲ್ಲೇ ಹುಟ್ಟುವ ಕಣಕ್ಕೆ ‘ದ್ವಿತೀಯಕ’ ಎಂದರೆ ಸಾಕೇ?

ವಸುಧಾ:

ಬಳಗದವರಿಗೆ ನಮಸ್ಕಾರ. ವಾಯುಮಾಲಿನ್ಯದ ಬಗೆಗಿನ ಅಧ್ಯಾಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೆಕೆಂಡರಿ ಪಾರ್ಟಿಕಲ್’ ಎಂಬಲ್ಲಿ ಲೇಖನಿ ನಿಂತಿದೆ. ಶಾಲಾ ಪಠ್ಯಗಳ ರೂಢಿಯಂತೆ ‘ದ್ವಿತೀಯಕ ಕಣ’ ಎಂದು ಬರೆದಿದ್ದೆ. ಕರಡು ಓದಿದವರೊಬ್ಬರು ‘ಅಂದರೆ ಅಷ್ಟೇನೂ ಲೆಕ್ಕಕ್ಕಿಲ್ಲದ ಕಣಗಳು, ಅಲ್ಲವೇ?’ ಎಂದು ಕೇಳಿಬಿಟ್ಟರು.

ಸಂದರ್ಭ ಇದು. 2014ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಇಂಗ್ಲೆಂಡಿನ ಮೇಲೆ ಮಬ್ಬು ಕವಿದಿತ್ತು. ಕಾರುಗಳ ಮೇಲೆ ಸಹಾರಾದ ಕೆಂಪು ಧೂಳು ಕಾಣಿಸಿದ್ದರಿಂದ ಪತ್ರಿಕೆಗಳು ಮರುಭೂಮಿಯನ್ನೇ ದೂರಿದವು. ಪ್ರಧಾನಿ ಡೇವಿಡ್ ಕ್ಯಾಮರಾನ್ ಬೆಳಗಿನ ಓಟವನ್ನು ಬಿಟ್ಟರು, ಇದೊಂದು ಸಹಜ ಹವಾಮಾನ ವಿದ್ಯಮಾನ ಎಂದೂ ಹೇಳಿದರು. ಆಮೇಲೆ ವಿಶ್ಲೇಷಿಸಿ ನೋಡಿದಾಗ ಆ ಮಬ್ಬಿನಲ್ಲಿ ದೊಡ್ಡ ಪಾಲು ಅಮೋನಿಯಂ ನೈಟ್ರೇಟಿನದು ಎಂದು ತಿಳಿಯಿತು. ಅದನ್ನು ಯಾವ ಚಿಮಣಿಯೂ ಉಗುಳಿರಲಿಲ್ಲ. ಇಂಥ ಕಣವನ್ನು ಏನೆಂದು ಕರೆಯೋಣ?

ನಾಗವೇಣಿ:

ಪದದ ವಿಷಯ ನನಗೆ ತಿಳಿಯದು, ಅನುಭವ ಹೇಳುತ್ತೇನೆ. ನಮ್ಮೂರಿಗೆ ಹತ್ತಿರದಲ್ಲೇ ಉಷ್ಣ ವಿದ್ಯುತ್ ಸ್ಥಾವರವಿದೆ. ಹಿಂದೆ ತಾರಸಿಯ ಮೇಲೆ ಒಣಹಾಕಿದ ಬಟ್ಟೆಯನ್ನು ಕೊಡವಿದರೆ ಬೂದಿ ಉದುರುತ್ತಿತ್ತು, ಹಪ್ಪಳ ಒಣಗಿಸುವಂತೆಯೇ ಇರಲಿಲ್ಲ. ಈಗ ಬೂದಿ ಕಡಿಮೆಯಾಗಿದೆ, ಚಿಮಣಿಯ ಬಾಯಿಯಲ್ಲಿ ಹೊಗೆಯೂ ಅಷ್ಟಾಗಿ ಕಾಣುವುದಿಲ್ಲ. ‘ಹಾರುಬೂದಿ’ ಎಂಬ ಚೆಂದದ ಪದ ಇರುವಾಗ ಹೊಸ ಪದ ಏಕೆ?

ಗುರುರಾಜ:

ನಾಗವೇಣಿಯವರೇ, ಹಾರುಬೂದಿ ಬೇರೆ, ಇದು ಬೇರೆ. ವಸುಧಾ ಕೇಳುತ್ತಿರುವುದು ಅನಿಲವು ಕಣವಾಗುವುದನ್ನು. ಆವಿ ತಣ್ಣಗಾಗಿ ಮಂಜಾಗುವ ಹಾಗೆಯೇ ಇದೂ. ಆದ್ದರಿಂದ ‘ಸಾಂದ್ರಿತ ಕಣ’ ಎಂದರೆ ಮುಗಿಯಿತು. ಎರಡನೆಯ ಹುಟ್ಟು ಎಂಬ ಅರ್ಥವೇ ಬೇಕಿದ್ದರೆ ‘ದ್ವಿಜ ಕಣ’ ಎನ್ನಬಹುದು. ಹಕ್ಕಿಗೆ, ಹಲ್ಲಿಗೆ ಸಲ್ಲುವ ಪದ ಕಣಕ್ಕೂ ಸಲ್ಲಬೇಕು!

ಚಂದ್ರಶೇಖರ:

‘ದ್ವಿಜ’ ಎಂದರೆ ಓದುಗರು ಕಣವನ್ನು ಬಿಟ್ಟು ಜನಿವಾರವನ್ನು ಹುಡುಕುತ್ತಾರೆ. ಬೇಡ ಮಾರಾಯರೇ.

‘ಸಾಂದ್ರಿತ’ವೂ ಅರ್ಧ ದಾರಿಗಷ್ಟೇ ಬರುತ್ತದೆ. ಮಂಜಿನಲ್ಲಿ ನೀರು ನೀರಾಗಿಯೇ ಉಳಿಯುತ್ತದೆ. ಇಲ್ಲಿ ಹೊರಟ ವಸ್ತುವೇ ಬೇರೆ, ತಲುಪುವ ವಸ್ತುವೇ ಬೇರೆ. ಚಿಮಣಿಯಿಂದ ಹೊರಟ ಸಲ್ಫರ್ ಡೈಆಕ್ಸೈಡ್ ಮೊದಲು ಸಲ್ಫ್ಯೂರಿಕ್ ಆಮ್ಲವಾಗಬೇಕು. ಬಿಸಿಲಿನ ಒಣ ಗಾಳಿಯಲ್ಲಿ ಈ ಕೆಲಸ ನಿಧಾನ, ದಿನಗಟ್ಟಲೆ ಹಿಡಿಯುತ್ತದೆ. ಮೋಡದ ಹನಿಯೊಳಗೆ ಹೊಕ್ಕರೆ, ಅಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಇದ್ದರೆ, ಬಹಳ ಬೇಗ ಮುಗಿಯುತ್ತದೆ. ಸೆಕೆಂಡಿಗೆ 5 ಮೀಟರಿನ ಸಾಧಾರಣ ಗಾಳಿಯೂ ಒಂದು ದಿನದಲ್ಲಿ 430 ಕಿಲೋಮೀಟರ್ ಸಾಗುತ್ತದೆ. ಹೀಗಾಗಿ ಹೊಗೆ ಒಂದು ಜಿಲ್ಲೆಯದು, ಕಣ ಇನ್ನೊಂದು ರಾಜ್ಯದ್ದು.

ಆಮ್ಲ ತಯಾರಾದ ಮೇಲೆ ಅಮೋನಿಯಾ ಅದನ್ನು ಹಿಡಿದುಕೊಳ್ಳುತ್ತದೆ. ಅಮೋನಿಯಾದ ಬಹುಪಾಲು ಬರುವುದು ಸಗಣಿ, ಗಂಜಲ ಮತ್ತು ಯೂರಿಯಾ ಹಾಕಿದ ಹೊಲಗಳಿಂದ. ತೂಕದ ಲೆಕ್ಕವನ್ನು ಒಮ್ಮೆ ನೋಡಿ. 64 ಕಿಲೋ ಸಲ್ಫರ್ ಡೈಆಕ್ಸೈಡ್ ಹೊರಟಿತು ಎನ್ನಿ. ದಾರಿಯಲ್ಲಿ ಗಾಳಿಯಿಂದ 16 ಕಿಲೋ ಆಮ್ಲಜನಕ, 18 ಕಿಲೋ ನೀರು ಸೇರಿ 98 ಕಿಲೋ ಆಮ್ಲವಾಯಿತು. ಅದನ್ನು ಪೂರ್ತಿ ಶಮನ ಮಾಡಲು 34 ಕಿಲೋ ಅಮೋನಿಯಾ ಬೇಕು. ಕೊನೆಗೆ ಗಾಳಿಯಲ್ಲಿ ತೇಲುವುದು 132 ಕಿಲೋ ಅಮೋನಿಯಂ ಸಲ್ಫೇಟ್, ಹೊರಟಿದ್ದರ ದುಪ್ಪಟ್ಟಿಗಿಂತ ಹೆಚ್ಚು. ಇದನ್ನು ‘ಸಾಂದ್ರಿತ’ ಎಂದರೆ ಆ ಅರ್ಧ ತೂಕ ಎಲ್ಲಿಂದ ಬಂತು ಎಂಬುದೇ ಮರೆಯಾಗುತ್ತದೆ.

ನಾಗವೇಣಿಯವರ ಊರಿಗೂ ಇದಕ್ಕೂ ನಂಟಿದೆ. ಬೂದಿ ಕಡಿಮೆಯಾಗಿದ್ದರೆ ಅದು ಸ್ಥಾವರದಲ್ಲಿ ವಿದ್ಯುದಾವೇಶದಿಂದ ಬೂದಿಯನ್ನು ಹಿಡಿಯುವ ಯಂತ್ರದ ಕೆಲಸವಿರಬೇಕು. ಅನಿಲಕ್ಕೆ ಆ ಯಂತ್ರದ ಹಂಗಿಲ್ಲ, ನೇರ ದಾಟಿಹೋಗುತ್ತದೆ. ಅದನ್ನು ಹಿಡಿಯಲು ಸುಣ್ಣದಕಲ್ಲಿನ ನೀರಿನಿಂದ ಹೊಗೆಯನ್ನು ತೊಳೆಯಬೇಕು. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಈ ಅನಿಲಕ್ಕೆ ಮಿತಿ ಹಾಕಿತ್ತು. ಗಡುವುಗಳು ಮುಂದಕ್ಕೆ ಹೋಗುತ್ತಲೇ ಇದ್ದವು, 2025ರ ಜುಲೈಯಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಚಿಮಣಿಯ ಬಾಯಿ ಶುಭ್ರವಾಗಿ ಕಂಡ ಮಾತ್ರಕ್ಕೆ ಕಣ ಹುಟ್ಟುವುದು ನಿಂತಿದೆ ಎನ್ನಲಾಗದು.

ನಾಗವೇಣಿ:

ಹಾಗಾದರೆ ನಮ್ಮ ಕೊಟ್ಟಿಗೆಯೂ ತಪ್ಪಿತಸ್ಥರ ಸಾಲಿಗೆ ಸೇರಿತೇ? ಇರುವುದು ಎರಡೇ ಎಮ್ಮೆ!

ಚಂದ್ರಶೇಖರ:

ನಿಮ್ಮ ಎಮ್ಮೆಗಳ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಆದರೆ 2014ರ ಕಥೆಯಲ್ಲಿ ಸಗಣಿಯ ಪಾತ್ರ ದೊಡ್ಡದು. ಯುರೋಪಿನ ಹಲವು ದೇಶಗಳಲ್ಲಿ ಚಳಿಗಾಲದಲ್ಲಿ ಹೊಲಕ್ಕೆ ಸಗಣಿ ರಾಡಿ ಸುರಿಯುವುದಕ್ಕೆ ನಿಷೇಧವಿರುತ್ತದೆ. ವಸಂತ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಸುರಿಯುತ್ತಾರೆ. ಆ ಅಮೋನಿಯಾವು ವಾಹನಗಳ ಸಾರಜನಕದ ಆಕ್ಸೈಡುಗಳಿಂದ ಹುಟ್ಟಿದ ನೈಟ್ರಿಕ್ ಆಮ್ಲವನ್ನು ಕೂಡಿ ಕಣವಾಯಿತು, ಪೂರ್ವದ ಗಾಳಿ ಅದನ್ನು ಕಡಲು ದಾಟಿಸಿತು. ಅದಕ್ಕೂ ಮುಂಚೆ, ಮಾರ್ಚ್ 17ರಂದು, ಪ್ಯಾರಿಸ್ಸಿನಲ್ಲಿ ಸಮ-ಬೆಸ ಸಂಖ್ಯೆಯ ಕಾರುಗಳ ನಿಯಮ ತಂದಿದ್ದರು. ಅಲ್ಲಿಯೂ ಇದೇ ಉಪ್ಪು ಸಾಕಷ್ಟಿತ್ತು.

ಗುರುರಾಜ:

ಒಪ್ಪಿದೆ. ಅಂದರೆ ಅಮೋನಿಯಾ ಕಡಿಮೆ ಮಾಡಿದರೆ ಸಾಕು, ಎರಡೂ ಉಪ್ಪುಗಳು ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತವೆ, ಸರಿಯೇ?

ಚಂದ್ರಶೇಖರ:

ಅಷ್ಟು ಸಲೀಸಲ್ಲ. ಅಮೋನಿಯಾ ಮೊದಲು ಸಲ್ಫ್ಯೂರಿಕ್ ಆಮ್ಲದ ಪಾಲನ್ನು ತೀರಿಸುತ್ತದೆ, ಮಿಕ್ಕಿದ್ದು ಮಾತ್ರ ನೈಟ್ರಿಕ್ ಆಮ್ಲಕ್ಕೆ. ಇಳಿಸಿದರೆ ಮೊದಲು ಪೆಟ್ಟು ಬೀಳುವುದು ನೈಟ್ರೇಟಿಗೆ. ಅಮೋನಿಯಾ ಧಾರಾಳವಾಗಿರುವ ಕಡೆ ಸ್ವಲ್ಪ ಇಳಿಸಿದರೆ ಅದಕ್ಕೂ ಏನೂ ಆಗದಿರಬಹುದು. ಗಂಧಕವನ್ನು ಮಾತ್ರ ಇಳಿಸಿದರೆ ಬಿಡುಗಡೆಯಾದ ಅಮೋನಿಯಾ ಹೋಗಿ ನೈಟ್ರೇಟನ್ನು ಕೂಡಿಕೊಳ್ಳುವುದೂ ಉಂಟು.

ಇನ್ನೊಂದು ತೊಡಕು ಪದಕ್ಕೇ ತಾಗುತ್ತದೆ. ಸಲ್ಫೇಟ್ ಒಮ್ಮೆ ಕಣವಾದರೆ ಕಣವೇ. ಅಮೋನಿಯಂ ನೈಟ್ರೇಟ್ ಹಾಗಲ್ಲ. ತಂಪು, ತೇವ ಇದ್ದರೆ ಕಣ, ಬಿಸಿಯಾದರೆ ಮತ್ತೆ ಎರಡು ಅನಿಲ. ಅಳೆಯುವವರಿಗೆ ಇದೇ ತಲೆನೋವು. ತೇವ ಕಳೆಯಲೆಂದು ಗಾಳಿಯನ್ನು 50 ಡಿಗ್ರಿಗೆ ಬಿಸಿಮಾಡುವ ಹಳೆಯ ಉಪಕರಣಗಳಲ್ಲಿ ನೈಟ್ರೇಟಿನ ಬಹಳಷ್ಟು ಭಾಗ ತೂಕಕ್ಕೆ ಸಿಗುವ ಮೊದಲೇ ಹಾರಿಹೋಗುತ್ತದೆ. ಸೋಸುಹಾಳೆಯಲ್ಲಿ ಹಿಡಿದು ಬೆಚ್ಚಗಿನ ಕೋಣೆಯಲ್ಲಿಟ್ಟರೂ ನಷ್ಟವೇ.

ವಸುಧಾ:

ಬಹಳ ಉಪಕಾರವಾಯಿತು. ಆದರೆ ಓದುಗ ಕೇಳಿದರೆ ಏನು ಹೇಳಲಿ? ಸೋಸುಹಾಳೆಯ ಮೇಲಿರುವ ಕಣವು ಚಿಮಣಿಯಿಂದ ಬಂತೋ, ಗಾಳಿಯಲ್ಲಿ ಹುಟ್ಟಿತೋ ಎಂದು ಹೇಗೆ ಗೊತ್ತಾಗುತ್ತದೆ?

ಚಂದ್ರಶೇಖರ:

ಹಾಳೆಯನ್ನು ನೀರಿನಲ್ಲಿ ನೆನೆಸಿ, ಕರಗಿದ ಅಮೋನಿಯಂ, ಸಲ್ಫೇಟ್, ನೈಟ್ರೇಟುಗಳನ್ನು ಅಳೆಯುತ್ತಾರೆ. ಹಾರುಬೂದಿಯ ಬಹುಪಾಲು ಕರಗದೆ ಉಳಿಯುತ್ತದೆ. ಮತ್ತೊಂದು ಗುರುತೂ ಇದೆ. ಮಸಿ ಒಂದು ಬೀದಿಯಲ್ಲಿ ಹೆಚ್ಚು, ಪಕ್ಕದ ಉದ್ಯಾನದಲ್ಲಿ ಕಡಿಮೆ. ಸಲ್ಫೇಟ್ ಮಾತ್ರ ನಗರದಲ್ಲೂ ಅದರಾಚೆಯ ಹಳ್ಳಿಯಲ್ಲೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಏರಿಳಿಯುತ್ತದೆ. ಹತ್ತಿರದ ಮೂಲವಾಗಿದ್ದರೆ ಹಾಗಾಗುತ್ತಿರಲಿಲ್ಲ.

ಪದಕ್ಕೆ ನನ್ನ ಮತ ‘ಗಾಳಿಹುಟ್ಟು ಕಣ’. ಚಿಮಣಿಯದಕ್ಕೆ ‘ನೇರ ಕಣ’.

ಗುರುರಾಜ:

ಧೂಳೂ ಗಾಳಿಯಲ್ಲೇ ಏಳುತ್ತದಲ್ಲ? ‘ಗಾಳಿಹುಟ್ಟು’ ಎಂದರೆ ಸಹಾರಾದ ಧೂಳನ್ನೂ ಅದರಡಿ ಸೇರಿಸುವವರು ಇದ್ದೇ ಇರುತ್ತಾರೆ, ಇಂಗ್ಲೆಂಡಿನಲ್ಲಾದ ಎಡವಟ್ಟೇ ಇಲ್ಲೂ ಆಗುತ್ತದೆ. ನನ್ನ ಮತ ‘ಅನಿಲಜನ್ಯ ಕಣ’ಕ್ಕೆ.

ವಸುಧಾ:

‘ಅನಿಲಜನ್ಯ’ ಕಿವಿಗೆ ಸ್ವಲ್ಪ ಬಿಗಿ, ಆದರೆ ಅರ್ಥ ಗಟ್ಟಿ. ಸದ್ಯಕ್ಕೆ ಮೊದಲ ಸಲ ಬರುವಲ್ಲಿ ‘ಅನಿಲಗಳಿಂದ ಗಾಳಿಯಲ್ಲೇ ಹುಟ್ಟುವ ದ್ವಿತೀಯಕ ಕಣ’ ಎಂದು ಬಿಡಿಸಿ ಬರೆದು, ಆಮೇಲೆ ‘ಅನಿಲಜನ್ಯ ಕಣ’ ಎಂದಿಟ್ಟು ಸಂಪಾದಕರಿಗೆ ಕಳುಹಿಸುತ್ತೇನೆ. ಬಿಸಿಯಾದರೆ ಮರಳಿ ಅನಿಲವಾಗುವ ನೈಟ್ರೇಟಿನ ಗುಣಕ್ಕೆ ‘ಅರೆ ಆವಿಶೀಲ’ ಎಂದು ಬರೆದಿದ್ದೇನೆ, ಅದು ನನಗೇ ಹಿಡಿಸಿಲ್ಲ. ಯಾರಿಗಾದರೂ ಬೇರೆ ಹೊಳೆದರೆ ತಿಳಿಸಿ.