‘ಬಕ್ ಕನ್ವರ್ಟರ್’ಗೆ ‘ಇಳಿಕೆ ಪರಿವರ್ತಕ’ ಅನ್ನಬಹುದಾ?

ಗದಗಿನಲ್ಲಿ ಐಟಿಐ ಹುಡುಗರಿಗೆ ಕನ್ನಡದಲ್ಲಿ ಪಾಠದ ಹಾಳೆ ಬರೆಯುತ್ತಿದ್ದೇನೆ. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ಮೊಬೈಲಿಗೆ 5 ವೋಲ್ಟ್ ಕೊಡುವ ಚಿಕ್ಕ ಬೋರ್ಡು ಇದೆಯಲ್ಲ, ಅದಕ್ಕೆ ‘ಇಳಿಕೆ ಪರಿವರ್ತಕ’ ಅಂತ ಬರೆದೆ. ಒಬ್ಬ ಹುಡುಗ ‘ಸರ್, ಇದು ಸಣ್ಣ ಟೀಸಿನಾ?’ ಅಂದ. ಅವನ ತಪ್ಪಲ್ಲ, ಟ್ರಾನ್ಸ್‌ಫಾರ್ಮರಿಗೂ ನಾವು ಪರಿವರ್ತಕ ಅಂತಲೇ ಬರೆಯುತ್ತೇವೆ. ಬೇರೆ ಪದ ಬೇಕು. ಒಳಗಿನ ಇಂಡಕ್ಟರಿಗೆ ‘ಪ್ರೇರಕ’ ಅನ್ನಲಾ, ‘ಸುರುಳಿ’ ಸಾಕಾ?

ಧಾರವಾಡದಿಂದ:
‘ತಡೆಸುರುಳಿ’ ಅನ್ನಿ. ಜಾಸ್ತಿಯಾದ 7 ವೋಲ್ಟನ್ನು ಅದು ತಡೆದು ನುಂಗುತ್ತದೆ. ಚೋಕ್ ಅಂದರೂ ಅದೇ ಅರ್ಥ.

ಹುಬ್ಬಳ್ಳಿಯಿಂದ:
ಚೋಕ್ ಸರಿ, ರಿಪೇರಿ ಅಂಗಡಿಯಲ್ಲಿ ನಾವೂ ಹಾಗೇ ಅನ್ನುತ್ತೇವೆ. ಆದರೆ ‘ನುಂಗುತ್ತದೆ’ ಅಂದರೆ ಹುಡುಗರು ತಪ್ಪು ಕಲಿಯುತ್ತಾರೆ ಸರ್. ನುಂಗುವುದು 7805 ಅನ್ನುವ ರೆಗ್ಯುಲೇಟರ್ ಚಿಪ್ಪು. 1 ಆಂಪಿಯರ್ ಹರಿದರೆ ಮೊಬೈಲಿಗೆ 5 ವ್ಯಾಟ್, ಇನ್ನು 7 ವ್ಯಾಟ್ ಬರೀ ಬಿಸಿ. ಈ ಬೋರ್ಡಿನಲ್ಲಿ ಸ್ವಿಚ್ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಆನ್ ಇದ್ದಾಗ ಚೋಕಿನ ಮೇಲೆ 12ರಲ್ಲಿ 5 ಕಳೆದು 7 ವೋಲ್ಟ್ ಬೀಳುತ್ತದೆ, ಕರೆಂಟು ಏರುತ್ತಾ ಹೋಗುತ್ತದೆ, ಶಕ್ತಿ ಅದರಲ್ಲಿ ಕೂಡುತ್ತದೆ. ಆಫ್ ಆದಾಗ ಚೋಕ್ ಕರೆಂಟನ್ನು ಥಟ್ಟನೆ ನಿಲ್ಲಲು ಬಿಡುವುದಿಲ್ಲ, ಡಯೋಡಿನ ದಾರಿ ಹಿಡಿದು ಮೊಬೈಲಿಗೆ ಹರಿಸುತ್ತಲೇ ಇರುತ್ತದೆ, ಈಗ ಅದರ ಮೇಲೆ 5 ವೋಲ್ಟ್ ತಿರುವುಮುರುವಾಗಿ ಬಿದ್ದು ಕರೆಂಟು ಇಳಿಯುತ್ತದೆ. ಏರಿದಷ್ಟೇ ಇಳಿಯಬೇಕು, ಅಲ್ವಾ? ಅದಕ್ಕೇ 12 ಪಾಲು ಹೊತ್ತಿನಲ್ಲಿ ಹೆಚ್ಚುಕಮ್ಮಿ 5 ಪಾಲು ಆನ್, 7 ಪಾಲು ಆಫ್. 7×5 = 5×7, ಅಷ್ಟೇ ಲೆಕ್ಕ. LM2596 ಅನ್ನುವ ಬಕ್ ಚಿಪ್ಪು ಇದನ್ನು ಸೆಕೆಂಡಿಗೆ 1,50,000 ಸಲ ಮಾಡುತ್ತದೆ. ಸ್ವಿಚ್, ಡಯೋಡ್ ಒಂದಿಷ್ಟು ತಿನ್ನುತ್ತವೆ, ಆದರೂ ಬ್ಯಾಟರಿಯಿಂದ ಎಳೆಯುವುದು ಸುಮಾರು ಅರ್ಧ ಆಂಪಿಯರ್. ಮೀಟರ್ ಇಟ್ಟು ನೋಡಿ, 7805 ಆದರೆ ಪೂರ್ತಿ 1 ತೋರಿಸುತ್ತದೆ.

ಹಾವೇರಿಯಿಂದ:
ನನ್ನ ಬೋರ್ಡಿನ ಡಯೋಡ್ ಹೋಗಿತ್ತು, 1N4007 ಹಾಕಿಸಿದೆ. 5 ವೋಲ್ಟ್ ಬರುತ್ತಿತ್ತು, ಆದರೆ ಮುಟ್ಟಿದರೆ ಬೆರಳು ಸುಡುತ್ತಿತ್ತು. ಯಾಕೆ? ಆ ಡಯೋಡಿಗೂ ಒಂದು ಹೆಸರು ಬೇಕಲ್ಲ.

ಹುಬ್ಬಳ್ಳಿಯಿಂದ:
4007 ಮನೆಯ 50 ಹರ್ಟ್ಸ್ ಕರೆಂಟಿಗೆ ಸರಿ, ಇಲ್ಲಿನ ವೇಗಕ್ಕೆ ಬಹಳ ನಿಧಾನ. ಸ್ವಿಚ್ ಮತ್ತೆ ಆನ್ ಆದರೂ ಅದು ಕೂಡಲೇ ಮುಚ್ಚುವುದಿಲ್ಲ, ಪ್ರತಿ ಸಲವೂ ಬ್ಯಾಟರಿ ಒಂದು ಗಳಿಗೆ ಶಾರ್ಟ್ ಆದ ಹಾಗೆ. ಬೇಗ ಮುಚ್ಚುವ ಶಾಟ್ಕಿ ಡಯೋಡ್ ಹಾಕಿಸಿ, 1N5822. ಹೆಸರು ಸೈಕಲ್ ಅಂಗಡಿಯಲ್ಲೇ ಇದೆ: ಫ್ರೀವ್ಹೀಲ್. ಪೆಡಲ್ ನಿಂತರೂ ಗಾಲಿ ಓಡುತ್ತದಲ್ಲ, ಹಾಗೆ. ಇಂಗ್ಲಿಷಿನಲ್ಲೂ ಈ ಡಯೋಡನ್ನು ಹಾಗೇ ಕರೆಯುತ್ತಾರೆ.

ಧಾರವಾಡದಿಂದ:
ನುಂಗುವುದಿಲ್ಲ, ಒಪ್ಪಿದೆ. ಆದರೆ ‘ಬಕ್’ ಅಂದರೆ ಎದುರು ನಿಲ್ಲು ಅಂತಲೂ ಅರ್ಥ ಇದೆ, ಆನ್ ಇದ್ದಾಗ ಚೋಕ್ 12 ವೋಲ್ಟಿಗೆ ಎದುರು ಒತ್ತುತ್ತದೆ ಕೂಡ. ‘ತಡೆ’ ಪೂರ್ತಿ ಬಿಡಬೇಡಿ.

ಗದಗಿನಿಂದ:
ಚೋಕ್, ಫ್ರೀವ್ಹೀಲ್ ಡಯೋಡ್ ಎರಡನ್ನೂ ಇಟ್ಟುಕೊಂಡೆ. ‘ತಡೆ’ ಅಂದರೆ ಹುಡುಗರು ರೆಸಿಸ್ಟರ್ ಅಂದುಕೊಳ್ಳುತ್ತಾರೆ, ಅದು ಬೇಡ. ಸದ್ಯ ‘ಡಿಸಿ ಇಳಿಕೆ ಬೋರ್ಡು’ ಅಂತ ಬರೆದಿದ್ದೇನೆ. ಆದರೆ 7805 ಕೂರಿಸಿದ ಬೋರ್ಡೂ ಡಿಸಿ ಇಳಿಸುತ್ತದಲ್ಲ?