ಸೋಲಾರ್ ಸೇಲ್ಸ್ ಕಾಲ್: ‘ಗೃಹಜ್ಯೋತಿ ಇದೆ’ ಅಂದವರಿಗೆ ಏನು ಹೇಳೋದು?

ಪ್ರಶ್ನೆ, ದಾವಣಗೆರೆಯ ಡೀಲರ್: ಮನೆ ಮೇಲೆ ಹಾಕುವ ಸೋಲಾರ್ ಪ್ಯಾನೆಲ್ ಮಾರುತ್ತೇವೆ. ನಮ್ಮ ಹುಡುಗರು ಫೋನಿನಲ್ಲಿ ಓದೋದು ಹೀಗೆ: “ಸರ್, ನಿಮಗೆ 78,000 ಸಬ್ಸಿಡಿ ಬಂದಿದೆ, ಈ ವಾರವೇ ಕೊನೆ. ನಾಳೆ ಬೆಳಿಗ್ಗೆ ಬರಲಾ, ಸಂಜೆ ಬರಲಾ?” ಅವರು “ಗೃಹಜ್ಯೋತಿ ಇದೆ” ಅಂದರೆ, “ಅದು ಯಾವಾಗ ಬೇಕಾದರೂ ನಿಲ್ಲಬಹುದು ಸರ್” ಅನ್ನುತ್ತಾರೆ. ಅಲ್ಲಿಗೆ ಫೋನ್ ಕಟ್. ಎಲ್ಲಿ ತಿದ್ದಲಿ?

ಸೇಲ್ಸ್ ತರಬೇತಿ ಕೊಡುವವರು: ಮೊದಲ ಸಾಲನ್ನು ಪೂರ್ತಿ ತೆಗೆಯಿರಿ. ಸಬ್ಸಿಡಿ ಯಾರಿಗೂ ‘ಬಂದಿಲ್ಲ’. ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ಸಿಗೋದು 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿದರೆ. 2 ಕಿಲೋವ್ಯಾಟಿಗೆ 60,000. ಅದೂ ಕೆಲಸ ಮುಗಿದು, ತಪಾಸಣೆ ಆದ ಮೇಲೆ. ಕೇಳಿದವರು ನೆಟ್‌ನಲ್ಲಿ ನೋಡಿದರೆ ಸಾಕು, ನಿಮ್ಮ ಮುಂದಿನ ಮಾತನ್ನೂ ನಂಬಲ್ಲ. ಹೆಸರು, ಅಂಗಡಿ, ವಿಷಯ ಹೇಳಿ, “ಎರಡು ನಿಮಿಷ ಮಾತಾಡಬಹುದಾ?” ಅಂತ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಸ್ಕ್ರಿಪ್ಟ್‌ನಲ್ಲಿ ಗ್ರಾಹಕರ ಮನೆ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕಳೆದ ಬಿಲ್ಲಿನಲ್ಲಿ ಎಷ್ಟು ಯೂನಿಟ್? ಬೇಸಿಗೆಯಲ್ಲಿ ಎಷ್ಟಾಗುತ್ತೆ? ಮನೆ ಸ್ವಂತದ್ದಾ? ತಾರಸಿ ಮೇಲೆ ಮರದ ನೆರಳು ಬೀಳುತ್ತಾ? ಇಷ್ಟು ಕೇಳದೆ ಭೇಟಿಗೆ ಹೋದರೆ ಸುಮ್ನೆ ಪೆಟ್ರೋಲ್ ಖರ್ಚು.

ಗೃಹಜ್ಯೋತಿ ಮಾತಿಗೆ ಹೆದರಿಸುವ ಉತ್ತರ ಬೇಡ. “ಪ್ರತಿ ತಿಂಗಳೂ ಸೊನ್ನೆ ಬಿಲ್ಲಾ, ಕೆಲವು ತಿಂಗಳು ಕಟ್ಟುತ್ತೀರಾ?” ಅಂತ ಕೇಳಿ. ತಿಂಗಳಿಗೆ 110 ಯೂನಿಟ್, ಬಿಲ್ ಸೊನ್ನೆ ಅಂದರೆ, “ನಿಮಗೆ ಈಗ ಇದರಿಂದ ಉಳಿತಾಯ ಇಲ್ಲ” ಅಂತ ನೇರವಾಗಿ ಹೇಳಿ, ಫೋನ್ ಇಡಿ. ಇನ್ನೊಂದು ಮನೆಯಲ್ಲಿ 260 ಯೂನಿಟ್ ಅಂದುಕೊಳ್ಳಿ. 200 ದಾಟಿದ ತಿಂಗಳು ಪೂರ್ತಿ ಬಿಲ್ ಅವರೇ ಕಟ್ಟಬೇಕು. 1 ಕಿಲೋವ್ಯಾಟಿಗೆ ತಿಂಗಳಿಗೆ ಸುಮಾರು 100ರಿಂದ 120 ಯೂನಿಟ್ ಬರುತ್ತೆ. ಅಂದರೆ 2 ಕಿಲೋವ್ಯಾಟ್ ಅವರ ಬಳಕೆಯ ಬಹುಪಾಲು ತುಂಬುತ್ತೆ. ನಿಮ್ಮ ಗ್ರಾಹಕರು ಇವರು. ಇವರಿಗೆ 3 ಕಿಲೋವ್ಯಾಟ್ ಸಬ್ಸಿಡಿ ಆಸೆ ತೋರಿಸಿ ದೊಡ್ಡದು ಹಾಕಿಸಬೇಡಿ.

ವಿಮೆ ಮಾರುವವರು: ಅವಸರ ಹುಟ್ಟಿಸದಿದ್ದರೆ ಮಾಲು ಹೋಗಲ್ಲ ಸ್ವಾಮಿ. ‘ಬೆಳಿಗ್ಗೆಯಾ, ಸಂಜೆಯಾ’ ಕೇಳೋದರಲ್ಲಿ ತಪ್ಪೇನು?

ತರಬೇತಿ ಕೊಡುವವರು: ಆ ಪ್ರಶ್ನೆ ಒಳ್ಳೆಯದೇ. ಆದರೆ “ಬಂದು ನೋಡಿ” ಅಂತ ಅವರು ಒಪ್ಪಿದ ಮೇಲೆ ಕೇಳಬೇಕು. ಇಲ್ಲದ ಕೊನೆ ದಿನ ಹೇಳೋದು ಮಾತ್ರ ಸುಳ್ಳು.

ಗೃಹಿಣಿ: ನಮ್ಮ ಮನೆಯ ಸೋಲಾರ್ ವಾಟರ್ ಹೀಟರ್ ಹಳೆಯದು. ಅದಕ್ಕೂ 78,000 ಸಿಗುತ್ತಾ?

ಡೀಲರ್: ಇಲ್ಲ ಮೇಡಂ, ಇದು ಕರೆಂಟ್ ಕೊಡುವ ಪ್ಯಾನೆಲ್‌ಗೆ ಮಾತ್ರ. ಸರ್, ನೆಟ್ ಮೀಟರ್ ಹಾಕಿದ ಮೇಲೆ ಗೃಹಜ್ಯೋತಿ ಏನಾಗುತ್ತೆ ಅಂತಲೂ ಜನ ಕೇಳುತ್ತಾರೆ. ಹುಡುಗರು “ಏನೂ ಆಗಲ್ಲ” ಅಂದುಬಿಡುತ್ತಾರೆ.

ತರಬೇತಿ ಕೊಡುವವರು: ಆ ಸಾಲನ್ನು ಇವತ್ತೇ ನಿಲ್ಲಿಸಿ. ಬೆಸ್ಕಾಂ ಉಪವಿಭಾಗದಲ್ಲಿ ಬರಹದಲ್ಲಿ ಉತ್ತರ ಕೇಳಿ. ಅದು ಬರುವವರೆಗೆ, “ವಿಚಾರಿಸಿ ಹೇಳುತ್ತೇನೆ” ಅನ್ನಲಿ. ಹೇಳಿದ ದಿನ ವಾಪಸ್ ಫೋನ್ ಮಾಡಲಿ.