ಹೊಯಿ ಆನ್‌ನಲ್ಲಿ ಸಂಜೆಗಳನ್ನು ಹೇಗೆ ಹಂಚಿಕೊಳ್ಳಬೇಕು? ಅನುಭವ ತಿಳಿಸಿ

ಪ್ರಶ್ನೆ: ವಿಯೆಟ್ನಾಂ ಪ್ರವಾಸದಲ್ಲಿ ಹೊಯಿ ಆನ್‌ಗೆ ಮೂರು ಸಂಜೆ ಇಟ್ಟಿದ್ದೇವೆ. ಕತ್ತಲಾದ ಕೂಡಲೇ ಹೋಟೆಲ್ ಸೇರುವುದು ನಮಗೆ ಬೇಡ. ಗೂಡುದೀಪಗಳ ಬೀದಿ, ದೋಣಿ, ರಾತ್ರಿ ಸಂತೆ, ಯಾವುದು ಯಾವಾಗ? ಜೊತೆಗೆ ಅತ್ತೆಯವರಿದ್ದಾರೆ, ಅವರಿಗೆ ಮಂಡಿನೋವು.

ಅಲೆಮಾರಿ: ನಾವು ತಂಗಿದ್ದು 30 ಕಿಲೋಮೀಟರ್ ದೂರದ ಡಾ ನಾಂಗ್‌ನಲ್ಲಿ, ಅದೇ ಸರಿಯೆಂದು ಇಂದಿಗೂ ಹೇಳುತ್ತೇನೆ. ಶನಿವಾರ, ಭಾನುವಾರ ರಾತ್ರಿ ಒಂಬತ್ತಕ್ಕೆ ಅಲ್ಲಿನ ಡ್ರ್ಯಾಗನ್ ಸೇತುವೆ ಬೆಂಕಿ ಉಗುಳುವುದನ್ನು ನೋಡಿದವರಿಗೆ ಬೇರೆ ಸಂಜೆ ಬೇಕಾಗುವುದಿಲ್ಲ. ಹೊಯಿ ಆನ್‌ನಿಂದ ಮರಳುವಾಗ ಟ್ಯಾಕ್ಸಿಯವನೊಬ್ಬ ಮೊದಲು ಒಪ್ಪಿದ ದರವನ್ನು ದಾರಿಯಲ್ಲಿ ಏರಿಸಿದ, ಆ ಸಿಟ್ಟು ಇನ್ನೂ ಆರಿಲ್ಲ. ಹೋಗುವುದಾದರೆ ಹುಣ್ಣಿಮೆಯಂದೇ ಹೋಗಿ, ಅಂದು ದೀಪೋತ್ಸವವಿರುತ್ತದೆ.

ನದಿತೀರ: ಅಲೆಮಾರಿಯವರೇ, ಉತ್ಸವ ಹುಣ್ಣಿಮೆಯಂದಲ್ಲ, ಅವರ ಚಾಂದ್ರಮಾಸದ 14ನೆಯ ದಿನ. ನಮ್ಮ ಪಂಚಾಂಗದ ಚತುರ್ದಶಿಯನ್ನು ನೋಡಿ ಟಿಕೆಟ್ ಕಾದಿರಿಸಿದರೂ ತಪ್ಪಬಹುದು, ಏಕೆಂದರೆ ಅವರು ಅಮಾವಾಸ್ಯೆಯ ದಿನವನ್ನೇ ತಿಂಗಳ ಮೊದಲ ದಿನವೆಂದು ಎಣಿಸುವುದರಿಂದ ಅವರ ಹದಿನಾಲ್ಕು ಎಷ್ಟೋ ಸಲ ನಮ್ಮ ತ್ರಯೋದಶಿಗೇ ಬೀಳುತ್ತದೆ. ವಿಯೆಟ್ನಾಮೀ ಕ್ಯಾಲೆಂಡರನ್ನೇ ನೋಡಬೇಕು. ಅಂದು ಹಳೆಯ ಪೇಟೆಯ ವಿದ್ಯುತ್ ದೀಪಗಳನ್ನು ಆರಿಸುತ್ತಾರೆ, ರೇಷ್ಮೆ ಗೂಡುದೀಪಗಳ ಕೆಂಪು, ಹಳದಿ ಬಣ್ಣ ನೀರಿನ ಮೇಲೆ ಒಡೆದು ಹರಡುತ್ತದೆ. ಆದರೆ ಜನಸಂದಣಿಯೂ ಅಂದೇ ಹೆಚ್ಚು. ಆದ್ದರಿಂದ ಆ ಸಂಜೆಯನ್ನು ಬೀದಿಗೆ ಮೀಸಲಿಟ್ಟು, ದೋಣಿಯನ್ನು ಬೇರೆ ದಿನ ಮುಸ್ಸಂಜೆಗೆ, ದಡದಲ್ಲಿ ಸಾಲು ಬೆಳೆಯುವ ಮೊದಲೇ ಹತ್ತಿ. ನಂತರ ಆನ್ ಹೊಯಿ ಸೇತುವೆ ದಾಟಿದರೆ ಸಂತೆ.

ಲೆಕ್ಕದವಳು: ದೋಣಿಯ ದರವನ್ನು ಯಾರೂ ಹೇಳಲಿಲ್ಲ. ನಾವು ಹೋದಾಗ ಟಿಕೆಟ್ ಕಟ್ಟೆಯ ಫಲಕದಲ್ಲಿ ಸುಮಾರು 20 ನಿಮಿಷಕ್ಕೆ ಮೂವರವರೆಗೆ 1,50,000 ಡಾಂಗ್, ನಾಲ್ಕೈದು ಜನರಿಗೆ 2,00,000 ಡಾಂಗ್ ಎಂದಿತ್ತು. ಹಾಗಿದ್ದೂ ದಡದಲ್ಲಿ ಕೈಹಿಡಿದು ಕರೆದ ಮಹಿಳೆ ತಲೆಗೊಂದು ದರ ಹೇಳಿ, ಕಾಗದದ ತೇಲುದೀಪಕ್ಕೆ ಬೇರೆ ಹಣ ಕೇಳಿದರು. ನಾನು ಒಪ್ಪದೆ ಕಟ್ಟೆಗೇ ನಡೆದೆ.

ಅಲೆಮಾರಿ: ನದಿಯಲ್ಲಿ ದುಡಿದು ಬದುಕುವವರ ಜೊತೆ ಅಷ್ಟು ಹಣಕ್ಕೆ ಚೌಕಾಶಿ ಮಾಡುವುದು ನನಗೆ ಸರಿಕಾಣುವುದಿಲ್ಲ.

ಲೆಕ್ಕದವಳು: ಟ್ಯಾಕ್ಸಿಯವನ ಮೇಲೆ ಇನ್ನೂ ಸಿಟ್ಟಿಟ್ಟುಕೊಂಡವರು ನನಗೆ ಈ ಮಾತು ಹೇಳಬಾರದು. ಫಲಕದ ದರ ಕೊಡುವುದು ಚೌಕಾಶಿಯಲ್ಲ.

ತಂಗಾಳಿ: ತೇಲುದೀಪವನ್ನೇ ಕೊಳ್ಳಬೇಡಿ, ಅದರ ಕಾಗದ ಕೊನೆಗೆ ನದಿಗೇ ಸೇರುತ್ತದೆ. ನಾವು ನವೆಂಬರ್‌ನಲ್ಲಿ ಹೋದಾಗ ಥು ಬೋನ್ ನದಿ ಉಕ್ಕಿ ದಡದ ಬೀದಿಗಳಲ್ಲೇ ಮೊಣಕಾಲುದ್ದ ನೀರು ನಿಂತಿತ್ತು. ಸಂತೆಯಿಲ್ಲ, ವಿಹಾರವಿಲ್ಲ, ಕಾದಿರಿಸಿದ ಕೋಣೆಯ ಹಣವೂ ಮರಳಲಿಲ್ಲ. ಅಕ್ಟೋಬರ್, ನವೆಂಬರ್ ಆದರೆ ಹಣ ಮರಳಿಸುವ ಕೋಣೆಯನ್ನೇ ಹಿಡಿಯಿರಿ.

ನದಿತೀರ: ಅತ್ತೆಯವರ ಮಾತನ್ನು ಎಲ್ಲರೂ ಬಿಟ್ಟೆವು. ಸಂಜೆ ಹಳೆಯ ಪೇಟೆಯೊಳಗೆ ವಾಹನ ಬಿಡುವುದಿಲ್ಲ, ಹಾಗಾಗಿ ಕೋಣೆ ಅದರ ಅಂಚಿನಲ್ಲೇ ಇರಲಿ. ದೋಣಿಗೆ ದಡದಿಂದ ತಗ್ಗಿಗೆ ಇಳಿಯಬೇಕು, ಕಾಲಿಟ್ಟಾಗ ಅದು ಓಲಾಡುತ್ತದೆ. ಒಬ್ಬರು ಮೊದಲು ಇಳಿದು ಕೈಕೊಟ್ಟರೆ ಸಾಧ್ಯವಾದೀತು, ಆದರೆ ಅವರ ಮಂಡಿ ಎಷ್ಟು ಬಾಗುತ್ತದೆ ಎಂಬುದನ್ನು ನೀವೇ ಹೇಳಬೇಕು.